ಇನ್ನು ಕರೆ ಮಾಡಬೇಕಿಲ್ಲ

ಅಂಗಡಿಯ ಹಳೆಯ ಗಿರಾಕಿಗಳಿಗೆ ಕಳಿಸುವ ಸಂದೇಶವನ್ನು ಬರೆಯುವ ಕೆಲಸ ಟೈಪಕ್ಕನ ಪಾಲಿಗೆ ಬಂತು. ಅವಳು ಅಲ್ಲಿಗೆ ಟೈಪಿಸ್ಟಾಗಿ ಸೇರಿದವಳು. ಟೈಪ್‌ರೈಟರ್ ಗುಜರಿಗೆ ಹೋದ ಮೇಲೂ ಅಂಗಡಿಯ ಗಾಡಿಯ ಡ್ರೈವರ್ ಇಟ್ಟ ಆ ಹೆಸರು ಉಳಿದುಕೊಂಡಿತ್ತು. ಮನೆಯಲ್ಲೇ ಆಮ್ಲಜನಕ ಹಾಕಿಸಿಕೊಂಡಿರುವ ರೋಗಿಗಳಿಗೆ ಸಿಲಿಂಡರ್ ತುಂಬಿಸಿ ತಲುಪಿಸುವುದು ಅಂಗಡಿಯ ವ್ಯಾಪಾರ. ಗಿರಾಕಿಗಳಲ್ಲಿ ಹೆಚ್ಚಿನವರು ಶ್ವಾಸಕೋಶ ಸವೆದ ವಯಸ್ಸಾದವರು. ಫೋನ್ ಹಿಡಿಯುವವರು ಅವರ ಗಂಡನೋ, ಸೊಸೆಯೋ, ಮಗಳೋ.

ಅಲ್ಲಿನ ಪದ್ಧತಿ ಸರಳವಾಗಿತ್ತು. ಪ್ರತಿ ಮನೆಯಲ್ಲೂ ಎರಡು ಸಿಲಿಂಡರ್. ಒಂದು ಖಾಲಿಯಾದಾಗ ಮನೆಯವರು ಎರಡನೆಯದನ್ನು ಜೋಡಿಸಿ ಅಂಗಡಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದರು. ಮಾತಾಡಬೇಕಾಗಿರಲಿಲ್ಲ. ಕರೆ ತಾನಾಗಿ ಕಡಿದುಹೋಗುತ್ತಿತ್ತು. ‘ಧನ್ಯವಾದಗಳು. ನಿಮ್ಮ ಕರೆ ತಲುಪಿದೆ. ಸಂಜೆಯೊಳಗೆ ಸಿಲಿಂಡರ್ ಬರುತ್ತದೆ’ ಎಂಬ ಉತ್ತರ ಬರುತ್ತಿತ್ತು. ಸಂಜೆ ಡ್ರೈವರ್ ಬಂದು ಖಾಲಿಯದನ್ನು ಒಯ್ದು ತುಂಬಿದ್ದನ್ನು ಇಟ್ಟು ಹೋಗುತ್ತಿದ್ದ. ವರ್ಷಗಳಿಂದ ಹೀಗೇ ನಡೆದುಬಂದಿತ್ತು.

ಹೊಸ ಯೋಜನೆ ಯಜಮಾನರ ಭಾವಮೈದನದು. ಪೇಟೆಯ ಬೇರೆ ಕಂಪನಿಗಳಲ್ಲಿ ಮಾರಾಟ ವಿಭಾಗದಲ್ಲಿದ್ದು ಬಂದವನು ಅವನು. ಇನ್ನು ಮುಂದೆ ಯಾರೂ ಕರೆ ಮಾಡಿ ನೆನಪಿಸುವುದು ಬೇಡ. ಗೊತ್ತುಮಾಡಿದ ದಿನಕ್ಕೆ ಗಾಡಿ ತಾನಾಗಿ ಮನೆಗೆ ಹೋಗಲಿ. ಜೊತೆಗೆ ತಿಂಗಳಿಗೊಮ್ಮೆ ಮೂಗಿನ ಕೊಳವೆ ಬದಲಿಸಿಕೊಡುವುದು, ಮೀಟರ್ ಪರೀಕ್ಷಿಸುವುದು, ಎರಡೂ ಉಚಿತ. ಟೈಪಕ್ಕನಿಗೂ ಅದರಲ್ಲಿ ಕೊಂಕು ಕಾಣಲಿಲ್ಲ. ಅವಳ ಚಿಕ್ಕಮ್ಮನೇ ಅಂಗಡಿಯ ಗಿರಾಕಿ. ಮರೆತು ಬಿಟ್ಟರೆ ಗತಿಯೇನು ಎಂದು ಚಿಕ್ಕಪ್ಪ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತ ಕೂರುವುದನ್ನು ಅವಳು ಕಂಡಿದ್ದಳು. ಸಂದೇಶ ಬರೆಯುವಾಗ ಅವಳ ಕಣ್ಣೆದುರಿಗಿದ್ದದ್ದು ಅವರೇ.

‘ಇನ್ನು ಕರೆ ಮಾಡಬೇಕಿಲ್ಲ, ನಾವೇ ಬರುತ್ತೇವೆ’ ಎಂದು ಮೊದಲ ಸಾಲು ಬರೆದಳು. ಆಮೇಲೆ ಲಾಭಗಳು. ಆಮೇಲೆ, ‘ಸೇರಲು ನೀವು ಮಾಡಬೇಕಾದದ್ದು ಇಷ್ಟೇ: ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ.’ ಕೊನೆಗೆ, ಹೆಸರು ಸೇರಿಸಿಕೊಳ್ಳುವ ಈ ಒಂದು ವಾರ ಸಿಲಿಂಡರ್ ಬೇಕಾದವರು ಮಾತ್ರ ಅಂಗಡಿಯ ಇನ್ನೊಂದು ಫೋನಿಗೆ ಮಾತಾಡಿ ತಿಳಿಸಬೇಕು ಎಂದು ಸೇರಿಸಿದಳು.

ನಂಬರ್ ಹಳೆಯದೇ ಆಗಿತ್ತು. ಬೇರೆ ನಂಬರ್ ತೆಗೆದುಕೊಳ್ಳೋಣವೇ ಎಂದು ಅವಳು ಕೇಳಿದ್ದಳು. ಎಲ್ಲರ ಫೋನಿನಲ್ಲೂ ಇರುವ ನಂಬರನ್ನು ಬಿಟ್ಟು ಹೊಸದನ್ನು ಕೊಟ್ಟರೆ ವಯಸ್ಸಾದವರು ತಡಕಾಡುತ್ತಾರೆ ಎಂದ ಭಾವಮೈದ. ಆ ಮಾತು ಸುಳ್ಳೂ ಆಗಿರಲಿಲ್ಲ. ಈ ವಾರ ಆ ನಂಬರಿಗೆ ಬಂದ ಕರೆಗಳೆಲ್ಲ ಯೋಜನೆಗೆ ಸೇರಿದವರ ಲೆಕ್ಕಕ್ಕೆ ಹೋಗುವಂತೆಯೂ, ಉತ್ತರ ಅದಕ್ಕೆ ತಕ್ಕಂತೆ ಹೋಗುವಂತೆಯೂ ಏರ್ಪಾಟಾಯಿತು. ಅವನು ಸಂದೇಶವನ್ನು ಎರಡು ಸಲ ಓದಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

“ಇದು ತೆಗೀರಿ. ಒಂದು ಸಂದೇಶಕ್ಕೆ ಒಂದೇ ಕೆಲಸ. ಅಲ್ಲಿಗೆ ಮಿಸ್ಡ್ ಕಾಲ್ ಕೊಡಿ, ಇಲ್ಲಿಗೆ ಮಾತಾಡಿ ಅಂದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಎರಡೂ ಮಾಡಲ್ಲ ಜನ.”

“ಹಾಗಾದ್ರೆ ಈ ವಾರ ಖಾಲಿ ಆಗೋ ಮನೆಗಳು, ಸಾರ್?”

ಅದಕ್ಕೆ ಉತ್ತರ ಕೊಟ್ಟವನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಡ್ರೈವರ್. “ಯಾರ ಮನೇದು ಯಾವತ್ತು ಮುಗಿಯುತ್ತೆ ಅಂತ ನಂಗೆ ಬಾಯಿಪಾಠ ಟೈಪಕ್ಕ. ಅವರು ಕರೆದ್ರೆ ಮಾತ್ರ ಹೋಗೋದಾ? ಒಂದು ವಾರ ನಾನೇ ನೋಡ್ಕೋತೀನಿ.”

ಅವನ ಮಾತಿನಲ್ಲಿ ಜಂಬವಿದ್ದರೂ ಆಧಾರವಿತ್ತು. ಎಲ್ಲ ಮನೆಗಳ ಸರದಿಯೂ ಅವನಿಗೆ ಗೊತ್ತಿತ್ತು. ಆ ಸಾಲನ್ನು ತೆಗೆದ ಮೇಲೆ ಸಂದೇಶ ಚೊಕ್ಕವಾಗಿದೆ ಎಂದು ಅವಳಿಗೂ ಅನ್ನಿಸಿತು. ಯಜಮಾನರಿಗೆ, ಡ್ರೈವರಿಗೆ, ಭಾವಮೈದನಿಗೆ ಗಟ್ಟಿಯಾಗಿ ಓದಿ ತೋರಿಸಿದಳು. ಮೂವರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಯೋಜನೆ ಏನೆಂದು ಮೂವರಿಗೂ ಮೊದಲೇ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಸಂದೇಶ ಹೋಯಿತು.

ಮಂಗಳವಾರ ಮಧ್ಯಾಹ್ನ ಸೇರಿದವರ ಹೆಸರುಗಳನ್ನು ನೋಡುತ್ತಿದ್ದಾಗ ಚಿಕ್ಕಪ್ಪನ ನಂಬರ್ ಕಣ್ಣಿಗೆ ಬಿತ್ತು. ಅವಳಿಗೆ ಖುಷಿಯಾಯಿತು. ಭಾವಮೈದನಿಗೆ ತೋರಿಸಿದಳು. ಬುಧವಾರ ಅದೇ ನಂಬರ್ ಮತ್ತೆ ಬಂದಿತ್ತು.

“ನಿಮ್ಮ ಚಿಕ್ಕಪ್ಪನಿಗೆ ಭಾರೀ ಆತುರ ಬಿಡಿ. ಮದುವೆ ಊಟಕ್ಕೆ ಎರಡು ಪಂಕ್ತೀಲೂ ಕೂರೋ ಆಸಾಮಿ,” ಎಂದ ಅವನು. ಅವಳೂ ನಕ್ಕಳು. ಸಂಜೆ ಅವರಿಗೆ ಫೋನ್ ಮಾಡಬೇಕು ಅಂದುಕೊಂಡಳು. ಆದರೆ ಆ ಹೊತ್ತಿಗೆ ಯಾರೋ ಯೋಜನೆಯ ಬಗ್ಗೆ ಕೇಳಲು ಬಂದರು. ಅವರನ್ನು ಕಳಿಸಿ ಮನೆಗೆ ಹೋಗುವಷ್ಟರಲ್ಲಿ ಮರೆತಿತ್ತು.

ಗುರುವಾರ ಮಧ್ಯಾಹ್ನ ಅಂಗಡಿಯ ಇನ್ನೊಂದು ಫೋನ್ ರಿಂಗಾಯಿತು. ಚಿಕ್ಕಪ್ಪ. ಆ ಫೋನಿಗೆ ಅವರು ಕರೆ ಮಾಡಿದ್ದು ಅದೇ ಮೊದಲು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಅಣ್ಣನ ಮಗಳು ಅಂಗಡಿಯಲ್ಲಿದ್ದಾಳೆಂದು ತನ್ನ ಸರದಿಯನ್ನು ಮುಂದೆ ಹಾಕಿಸಿಕೊಳ್ಳುವುದು ಅವರ ಜಾಯಮಾನಕ್ಕೆ ಒಗ್ಗದು. ಕ್ಯೂ ಮುರಿದವರನ್ನು ಬಸ್ಸಿನಿಂದ ಇಳಿಸಿದವನು ನಾನು ಎನ್ನುತ್ತಿದ್ದರು.

“ಪುಟ್ಟಿ, ಗಾಡಿ ಹೊರಟಿದೆಯಾ?” ಎಂದರು. ದನಿ ಎಂದಿನಂತೆಯೇ ಇತ್ತು.

“ಯಾವ ಗಾಡಿ ಚಿಕ್ಕಪ್ಪ?”

“ನಮ್ಮನೇದು. ನೀರಲ್ಲಿ ಗುಳ್ಳೆ ಬರ್ತಿಲ್ಲ.”

ಸಿಲಿಂಡರಿನಿಂದ ಬರುವ ಗಾಳಿ ನೀರಿನ ಸಣ್ಣ ಬಾಟಲಿಯ ಮೂಲಕ ಹಾದು ಕೊಳವೆಗೆ ಹೋಗುತ್ತದೆ. ಗುಳ್ಳೆ ನಿಂತಿತೆಂದರೆ ಗಾಳಿ ನಿಂತಿತೆಂದು ಅರ್ಥ. ಅವಳು ಆಂಬುಲೆನ್ಸಿಗೆ ಫೋನ್ ಮಾಡಲು ಯಜಮಾನರಿಗೆ ಕೂಗಿ ಹೇಳಿ, ಡ್ರೈವರನ್ನು ಎಳೆದುಕೊಂಡು ಗಾಡಿ ಹತ್ತಿದಳು. ಗಾಡಿಯಲ್ಲಿ ತುಂಬಿದ ಸಿಲಿಂಡರುಗಳಿದ್ದವು. ಅವರ ಸರದಿ ಶನಿವಾರ, ನನ್ನ ಲೆಕ್ಕ ತಪ್ಪಲು ಸಾಧ್ಯವೇ ಇಲ್ಲ ಎಂದು ಡ್ರೈವರ್ ದಾರಿಯುದ್ದಕ್ಕೂ ಹೇಳುತ್ತಿದ್ದ. ಹೇಳುತ್ತಲೇ ಕೆಂಪು ಸಿಗ್ನಲ್ ದಾಟಿಸಿದ.

ಅವನ ಲೆಕ್ಕ ಹಿಂದಿನ ವಾರದವರೆಗೆ ಸರಿಯಾಗಿತ್ತು. ನೆಗಡಿ ಎದೆಗಿಳಿದದ್ದರಿಂದ ಡಾಕ್ಟರು ಚಿಕ್ಕಮ್ಮನಿಗೆ ನಿಮಿಷಕ್ಕೆ ಒಂದು ಲೀಟರಿದ್ದದ್ದನ್ನು ಎರಡು ಮಾಡಿದ್ದರು. ಸಿಲಿಂಡರ್ ಅರ್ಧ ಕಾಲಕ್ಕೇ ಮುಗಿಯತೊಡಗಿತ್ತು. ಮಂಗಳವಾರ ಬೆಳಿಗ್ಗೆ ಚಿಕ್ಕಪ್ಪ ಎರಡನೆಯದನ್ನು ಜೋಡಿಸಿ, ಯಾವತ್ತಿನ ಹಾಗೆ ಮಿಸ್ಡ್ ಕಾಲ್ ಕೊಟ್ಟಿದ್ದರು. ಯಾವತ್ತಿನ ಹಾಗೆ ‘ಧನ್ಯವಾದಗಳು’ ಎಂದು ಉತ್ತರ ಬಂದಿತ್ತು. ಅದರ ಮುಂದೆ, ಸೇವೆ ಬರುವ ತಿಂಗಳ ಮೊದಲ ತಾರೀಖಿನಿಂದ ಆರಂಭವೆಂದು ಇತ್ತು. ಅವರು ಅಷ್ಟು ದೂರ ಓದಿರಲಿಲ್ಲ. ಸಂಜೆ ಗಾಡಿ ಬರಲಿಲ್ಲ. ಹೊಸ ವ್ಯವಸ್ಥೆ, ಒಂದು ದಿನ ಹಿಂದುಮುಂದಾಗಬಹುದು ಎಂದು ಮರುದಿನ ಮತ್ತೆ ಕರೆ ಕೊಟ್ಟರು. ಈ ಸಲದ ಉತ್ತರವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ‘ನಿಮ್ಮ ಹೆಸರು ಈಗಾಗಲೇ ದಾಖಲಾಗಿದೆ. ಮತ್ತೆ ಕರೆ ಮಾಡುವ ಅಗತ್ಯವಿಲ್ಲ.’

ಅವರು ಮತ್ತೆ ಕರೆ ಮಾಡಲಿಲ್ಲ. ಗುರುವಾರ ಬೆಳಿಗ್ಗೆ ಮೀಟರಿನ ಮುಳ್ಳು ಕೆಂಪಿಗೆ ಬಂದಾಗ, ಗಾಡಿ ಬರುವತನಕ ಸಾಕಾಗಲಿ ಎಂದು ಎರಡರಲ್ಲಿದ್ದದ್ದನ್ನು ಒಂದಕ್ಕೆ ಇಳಿಸಿದರು. ಆಮೇಲೆ ಅದಕ್ಕಿಂತಲೂ ಕೆಳಕ್ಕೆ.

ಟೈಪಕ್ಕ, ಡ್ರೈವರ್ ಹೋದಾಗ ಬಾಗಿಲು ಪೂರ್ತಿ ತೆರೆದಿತ್ತು. ಸಿಲಿಂಡರ್ ಒಳಗೆ ತರಲು ಅಡ್ಡಿಯಾಗದಿರಲೆಂದು ಚಿಕ್ಕಪ್ಪ ಚಪ್ಪಲಿಗಳನ್ನು, ಬಕೆಟನ್ನು, ಕುರ್ಚಿಯನ್ನು ಬದಿಗೆ ಸರಿಸಿದ್ದರು. ಚಿಕ್ಕಮ್ಮ ದಿಂಬುಗಳಿಗೆ ಒರಗಿ ಕೂತೇ ಇದ್ದಳು. ತುಟಿ ನೀಲಿಯಾಗಿತ್ತು. ಡ್ರೈವರ್ ಸಿಲಿಂಡರ್ ಜೋಡಿಸಿದ. ನೀರಿನಲ್ಲಿ ಗುಳ್ಳೆ ಎದ್ದಿತು. ಅವಳ ಎದೆ ಏಳಲಿಲ್ಲ. ಆಂಬುಲೆನ್ಸಿನವರು ಬಂದು ಎದೆ ಒತ್ತಿದರು, ಬಾಯಿಗೆ ಗಾಳಿಚೀಲ ಹಿಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು. ಕೊನೆಗೆ ಅವರಲ್ಲೊಬ್ಬ ಗಡಿಯಾರ ನೋಡಿದ. ಬಾಟಲಿಯ ಗುಳ್ಳೆಗಳನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬಹಳ ಹೊತ್ತಾದ ಮೇಲೆ ಚಿಕ್ಕಪ್ಪನೇ ಹೋಗಿ ಸಿಲಿಂಡರಿನ ಕೀಲಿ ತಿರುಗಿಸಿ ನಿಲ್ಲಿಸಿದರು.

ಡ್ರೈವರ್ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಟೈಪಕ್ಕ ಗೋಡೆಗೆ ಒರಗಿ ನಿಂತಳು. ಕೊನೆಗೆ ಕೇಳಿದಳು, ನನಗೆ ಮೊದಲೇ ಯಾಕೆ ಫೋನ್ ಮಾಡಲಿಲ್ಲ ಎಂದು.

“ಮಾಡಬೇಕಿಲ್ಲ ಅಂತ ನೀನೇ ಬರೆದಿದ್ದೆಯಲ್ಲ ಪುಟ್ಟಿ,” ಎಂದರು ಚಿಕ್ಕಪ್ಪ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. “ನಾವೇ ಬರ್ತೀವಿ ಅಂತ. ಇವಳಿಗೂ ಓದಿ ಹೇಳಿದೆ. ನಮ್ಮ ಪುಟ್ಟಿ ಬರೆದದ್ದು ಎಷ್ಟು ಸಲೀಸಾಗಿದೆ ನೋಡು ಅಂತ.”

ಅಂಗಡಿಯಲ್ಲಿ ಆ ಸಂಜೆಯೇ ಹೊಸ ಏರ್ಪಾಟು ನಿಂತಿತು. ಯೋಜನೆಗೆ ಸೇರಿದ ಪ್ರತಿಯೊಬ್ಬರಿಗೂ ಯಜಮಾನರು ತಾವೇ ಫೋನ್ ಮಾಡಿ ಸಿಲಿಂಡರ್ ಇದೆಯೇ ಎಂದು ಕೇಳಿದರು. ಇನ್ನೂ ಎರಡು ಮನೆಯವರು ಗಾಡಿ ಕಾಯುತ್ತಿದ್ದರು. ಅವರದು ಮುಗಿದಿರಲಿಲ್ಲ, ಅಷ್ಟೇ. ಭಾವಮೈದ ಅದಾದ ಮೇಲೆ ಅಂಗಡಿಗೆ ಬರಲಿಲ್ಲ. ಸಂದೇಶದಲ್ಲಿ ತಪ್ಪೇನಿತ್ತು ಎಂದು ಅಕ್ಕನ ಬಳಿ ಕೇಳಿದನೆಂದು ಸುದ್ದಿ ಬಂತು. ಒಂದೊಂದು ಸಾಲನ್ನೇ ಹಿಡಿದು ನೋಡಿದರೆ ಟೈಪಕ್ಕನಿಗೂ ಸಿಗುತ್ತಿರಲಿಲ್ಲ. ತಪ್ಪಿದ್ದದ್ದು ಆ ಕೊನೆಯ ಸಾಲನ್ನು ತೆಗೆದುಹಾಕಿದ್ದರಲ್ಲಿ.

ಗಿರಾಕಿಗಳಿಗೆ ಇನ್ನೊಂದು ಸಂದೇಶ ಹೋಗಬೇಕಿತ್ತು. ಬೇರೆ ಯಾರಾದರೂ ಬರೆಯಲಿ ಎಂದಳು. ಬೇರೆ ಯಾರೂ ಇರಲಿಲ್ಲ. ಬರೆದದ್ದನ್ನು ಈ ಸಲ ಯಜಮಾನರಿಗೂ ಡ್ರೈವರಿಗೂ ತೋರಿಸಲಿಲ್ಲ. ಕಾಗದ ಮಡಚಿಕೊಂಡು ಚಿಕ್ಕಪ್ಪನ ಮನೆಗೆ ಹೋದಳು. ಮಂಚ ಖಾಲಿಯಿತ್ತು. ಎರಡು ಸಿಲಿಂಡರುಗಳು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಎರಡು ದುಂಡನೆಯ ಗುರುತುಗಳಿದ್ದವು.

ಯಾಕೆ ಬಂದೆನೆಂದು ಹೇಳುವುದು ಅವಳಿಗೆ ಕಷ್ಟವಾಯಿತು. ಹೇಳಿದ ಮೇಲೆ ಚಿಕ್ಕಪ್ಪ, ಓದು ಎಂದರು.

“ಆತ್ಮೀಯ ಗ್ರಾಹಕರೇ, ನಮ್ಮ ಹೊಸ ಸೇವೆಗೆ ನೀವು ತೋರಿಸಿದ ಆಸಕ್ತಿಗೆ ಧನ್ಯವಾದಗಳು...”

“ಅಲ್ಲಿಗೆ ನಿಲ್ಲಿಸು.” ಅವರು ಕೈ ಎತ್ತಿದ್ದರು, ಬಸ್ ನಿಲ್ಲಿಸುವವರ ಹಾಗೆ. “ಧನ್ಯವಾದ ಅಂದ ಮೇಲೆ ಮುಂದಿಂದು ಯಾರು ಓದ್ತಾರೆ? ಕೆಲಸ ಆಯ್ತು ಅಂತ ಫೋನ್ ಕೆಳಗಿಡ್ತಾರೆ. ನಾನು ಇಟ್ಟೆ.”

ಅವಳು ಆ ಸಾಲನ್ನು ಹೊಡೆದುಹಾಕಿದಳು. ಉಳಿದದ್ದನ್ನು ಓದಿದಳು. ಅವರು ಮತ್ತೆ ಎರಡು ಕಡೆ ನಿಲ್ಲಿಸಿದರು. ಕೊನೆಗೆ ಉಳಿದದ್ದು ಇಷ್ಟು: ‘ಸಿಲಿಂಡರ್ ಬೇಕಾದರೆ ಈ ನಂಬರಿಗೆ ಮಾತಾಡಿ. ಮಿಸ್ಡ್ ಕಾಲ್ ಕೊಡಬೇಡಿ. ಸಂಜೆಯೊಳಗೆ ಗಾಡಿ ಬರದಿದ್ದರೆ ಮತ್ತೆ ಮಾತಾಡಿ.’ ಹೊಸ ಸೇವೆಯ ಮಾತೇ ಅದರಲ್ಲಿರಲಿಲ್ಲ.

“ನಂಗೂ ಕಳಿಸು,” ಎಂದರು.

ನಿಮ್ಮ ನಂಬರ್ ತೆಗೆದುಬಿಟ್ಟಿದ್ದೇನೆ ಎಂದಳು ಅವಳು.

“ಸೇರಿಸು. ಎಲ್ಲರಿಗೂ ಹೋದದ್ದು ನಂಗೂ ಬರಲಿ. ಓದಿದ್ರೆ ಗೊತ್ತಾಗುತ್ತೋ ಇಲ್ವೋ ನೋಡ್ತೀನಿ.”

ಅವಳು ಅಲ್ಲೇ ಕೂತು ತನ್ನ ಫೋನಿನಲ್ಲಿ ಅವರ ನಂಬರ್ ಸೇರಿಸಿ, ಎಲ್ಲರಿಗೂ ಕಳಿಸಿದಳು. ಕಿಟಕಿಯ ಮೇಲಿದ್ದ ಅವರ ಫೋನ್ ಸದ್ದು ಮಾಡಿತು. ಚಿಕ್ಕಪ್ಪ ಎದ್ದು ಕನ್ನಡಕ ಹಾಕಿಕೊಂಡು, ಬೆಳಕಿಗೆ ತಿರುಗಿ ನಿಂತು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ತುಟಿ ಅಲುಗಿಸುತ್ತ ಓದಿದರು.