ಹೋಲಿಕೆಗೆ ಕೊಟ್ಟ ರಕ್ತ

ಹಲಸೂರು ಕೆರೆಯ ಹಿಂಬದಿಯಲ್ಲಿರುವ ಟ್ರಸ್ಟ್ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಂಪರಾಜ್ ಎಂಬ ಕಟ್ಟುಮಸ್ತಾದ ಟೆಕ್ನಿಷಿಯನ್ ಒಬ್ಬನಿದ್ದ. ಅವನ ಎಡಗೈ ಅವನದೆನ್ನುವುದಕ್ಕಿಂತ ಲ್ಯಾಬಿನದೇ ಎನ್ನಬೇಕು. ರೋಗಿಯ ರಕ್ತದ ಜೊತೆಗೆ ಆರೋಗ್ಯವಂತನೊಬ್ಬನ ರಕ್ತವನ್ನೂ ಇಟ್ಟು ನೋಡಬೇಕಾದ ಪರೀಕ್ಷೆ ಬಂದಾಗಲೆಲ್ಲ ಹಿರಿಯ ಟೆಕ್ನಿಷಿಯನ್ ರಮಾಮಣಿ ಅವನನ್ನು ಕೂಗುತ್ತಿದ್ದರು, ಅವನು ಅಂಗಿಯ ತೋಳು ಮಡಚಿಕೊಂಡು ಬಂದು ಕೂರುತ್ತಿದ್ದ. ಆ ಗುರುವಾರ ಅವನು ಭಾವಮೈದುನನ ಮದುವೆಗೆಂದು ಕೋಲಾರಕ್ಕೆ ಹೋಗಿದ್ದ. ಹೋಗಲಿ ಎಂದರೆ, ರಕ್ತಕಣ ಎಷ್ಟು ಸಪ್ಪೆ ನೀರಿನಲ್ಲಿ ಒಡೆಯುತ್ತದೆಂದು ನೋಡುವ ಆಸ್ಮಾಟಿಕ್ ಫ್ರಾಜಿಲಿಟಿ ಟೆಸ್ಟ್ ಅದೇ ದಿನ ಬರಬೇಕೇ!

ವರ್ಷಕ್ಕೆ ನಾಲ್ಕೋ ಐದೋ ಬರುವ ಪರೀಕ್ಷೆ ಅದು. ದೊಡ್ಡ ಲ್ಯಾಬುಗಳಲ್ಲಿ ಈಗ ಅದಕ್ಕೆ ಹೊಸ ಯಂತ್ರಗಳು ಬಂದಿವೆ. ಇಲ್ಲಿ ಮಾತ್ರ ರಮಾಮಣಿಯವರ ಕೈಯೇ ಯಂತ್ರ. ಮೂವತ್ತೊಂದು ವರ್ಷದಿಂದ ಉಪ್ಪನ್ನು ತೂಗಿ, ನೀರಿಗೆ ಬೆರೆಸಿ, ಹದಿನಾಲ್ಕು ಟ್ಯೂಬುಗಳ ದ್ರಾವಣವನ್ನು ಅವರೇ ತಯಾರಿಸುತ್ತಾರೆ. ಮೊದಲ ಟ್ಯೂಬಿನಲ್ಲಿ ನಮ್ಮ ರಕ್ತದಲ್ಲಿರುವಷ್ಟೇ ಉಪ್ಪು, ನೂರಕ್ಕೆ ಸೊನ್ನೆ ಬಿಂದು ಒಂಬತ್ತು. ಮುಂದೆ ಹೋದಹಾಗೆ ಸಪ್ಪೆ, ಇನ್ನೂ ಸಪ್ಪೆ. ಉಪ್ಪಿನ ವಿಷಯದಲ್ಲಿ ಅವರನ್ನು ಯಾರಾದರೂ ಅನುಮಾನಿಸಿದರೆ ಆ ದಿನ ಲ್ಯಾಬಿನಲ್ಲಿ ಯಾರಿಗೂ ಕಾಫಿ ಸಿಗುತ್ತಿರಲಿಲ್ಲ.

ರೋಗಿ ಇಂಚರಾ, ಏಳು ವರ್ಷ. ಕೆ.ಆರ್.ಪುರದಿಂದ ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು, ಕಣ್ಣಿನ ಬಿಳಿಭಾಗ ಹಳದಿ, ಎಡಪಕ್ಕೆಯ ಕೆಳಗೆ ಹಳೆಯ ರಕ್ತಕಣಗಳನ್ನು ಸೋಸುವ ಗುಲ್ಮ ಊದಿತ್ತು. ಸ್ಕೂಲಿನವರು ಅಂಟುಜಾಂಡಿಸ್ ಎಂದು ತಿಂಗಳಿಂದ ಮನೆಯಲ್ಲೇ ಕೂರಿಸಿದ್ದರು. ಬೇರೊಂದು ಕಡೆ ತೋರಿಸಿದಾಗ ಲಿವರಿಗೆ ಸೂಜಿ ಹಾಕಿ ತುಣುಕು ತೆಗೆದು ನೋಡಬೇಕೆಂದು ಸೋಮವಾರದ ದಿನ ಕೊಟ್ಟಿದ್ದರಂತೆ. ಇಲ್ಲಿಯ ಡಾಕ್ಟರಿಗೆ ಅದು ಲಿವರ್ ಅಲ್ಲ, ರಕ್ತ ಎಂಬ ಗುಮಾನಿ. ಸೋಮವಾರದೊಳಗೆ ಗೊತ್ತಾಗಬೇಕಿತ್ತು.

"ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಕಾಮಾಲೆ ಬಂದಿತ್ತೇನಮ್ಮ?" ರಮಾಮಣಿ ಫಾರಂ ತುಂಬುತ್ತ ಕೇಳಿದರು.

ಮಗುವಿನ ತಾಯಿ ಬೃಂದಾ ಮಗಳ ಫ್ರಾಕು ಸರಿಮಾಡಿದಳು. "ನಮ್ಮಪ್ಪಂಗೆ ಇತ್ತು. ಅದು ಲೆಕ್ಕಕ್ಕೆ ಬರಲ್ಲ ಬಿಡಿ. ಕುಡ್ದೂ ಕುಡ್ದೂ ಬರಿಸ್ಕೊಂಡಿದ್ದು."

ರಮಾಮಣಿ "ಇಲ್ಲ" ಎಂದು ಬರೆದುಕೊಂಡರು. ಮಗುವಿನ ತೋಳಿನಿಂದ ರಕ್ತ ತೆಗೆದಾಗ ಅದು ಅಳಲಿಲ್ಲ, ಅಳುವಷ್ಟು ತ್ರಾಣವೂ ಇದ್ದಂತಿರಲಿಲ್ಲ. ಬೃಂದಾ ಮಗುವನ್ನೆತ್ತಿಕೊಂಡು ಎಕ್ಸ್‌ರೇ ಕೋಣೆಯ ಕಡೆ ಹೋದಳು.

ಈಗ ಹೋಲಿಕೆಗೆ ಯಾರ ರಕ್ತ? ಅವರದೇ ಆಗುವಂತಿರಲಿಲ್ಲ. ಅವರಿಗೆ ಕಬ್ಬಿಣದ ಕೊರತೆ, ಅಂಥ ರಕ್ತಕಣಗಳು ಸಪ್ಪೆ ನೀರಿಗೂ ಜಗ್ಗದೆ ಲೆಕ್ಕವನ್ನೇ ಕೆಡಿಸುತ್ತವೆ. ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಖಾಕಿ ಷರ್ಟಿನ ಮುದುಕರೊಬ್ಬರು ಬೃಂದಾಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಪ್ಪು ಕನ್ನಡಕ, ಕೈಯಲ್ಲಿ ಆಟೋ ಕೀ. ಬೃಂದಾ ಅವರ ಜೊತೆ ಒಂದು ಮಾತನ್ನೂ ಆಡಿರಲಿಲ್ಲ. ಕಾಯುತ್ತಿರುವ ಆಟೋದವರು ಎಂದುಕೊಂಡರು ರಮಾಮಣಿ.

"ಯಜಮಾನ್ರೇ, ಮಗೂಗೊಂದು ಉಪಕಾರ ಮಾಡ್ತೀರಾ? ಸ್ವಲ್ಪ ರಕ್ತ ಬೇಕಿತ್ತು. ಹೋಲಿಸಿ ನೋಡೋದಕ್ಕೆ."

ಮುದುಕರು ತಟ್ಟನೆ ಎದ್ದು ಷರ್ಟಿನ ತೋಳು ಮಡಚಿದರು. "ಎಷ್ಟ್ ಬೇಕಾದ್ರೂ ತಗೊಳ್ಳಿ ತಾಯಿ."

"ಕಾಯಿಲೆ ಗೀಯಿಲೆ? ಕುಡಿಯೋದು?"

"ಒಂದ್ ತೊಟ್ಟೂ ಮುಟ್ಟಿದೋನಲ್ಲ."

ಎಲ್ಲರೂ ಹೇಳುವುದು ಅದನ್ನೇ, ಎಂದು ರಮಾಮಣಿ ಮನಸ್ಸಿನಲ್ಲೇ ನಕ್ಕು ಸೂಜಿ ಚುಚ್ಚಿದರು. ಹೆಸರು ಕೇಳಿ ಬರೆದುಕೊಂಡರು, ಪಿಳ್ಳಪ್ಪ. ಮಗುವಿಗೆ ಏನಾಗಬೇಕು ಎಂದು ಮಾತ್ರ ಕೇಳಲಿಲ್ಲ. ಮೂವತ್ತೊಂದು ವರ್ಷದ ಅನುಭವ ಅಂದರೆ ಹೀಗೇ, ಒಮ್ಮೊಮ್ಮೆ ಕೇಳಬೇಕಾದ್ದನ್ನೇ ನುಂಗಿಬಿಡುತ್ತದೆ.

ಎರಡು ಸಾಲು ಟ್ಯೂಬು. ಒಂದು ಸಾಲಿಗೆ ಇಂಚರಾಳ ರಕ್ತ, ಇನ್ನೊಂದಕ್ಕೆ ಪಿಳ್ಳಪ್ಪನವರದು, ಪ್ರತಿಯೊಂದಕ್ಕೂ ಒಂದೇ ಅಳತೆ. ಅರ್ಧ ಗಂಟೆ ಬಿಟ್ಟು, ಮೆಷಿನ್ನಿನಲ್ಲಿ ತಿರುಗಿಸಿ, ಹೊರತೆಗೆದು ಬೆಳಕಿಗೆ ಹಿಡಿದರು. ಕಣಗಳು ಒಡೆಯದೆ ಉಳಿದಿದ್ದರೆ ತಳದಲ್ಲಿ ಕೆಂಪು ಗುಂಡಿ ಕೂತು ಮೇಲಿನ ನೀರು ತಿಳಿಯಾಗಿರುತ್ತದೆ. ಒಡೆದಿದ್ದರೆ ನೀರೇ ಕೆಂಪು. ಸಾಮಾನ್ಯರಲ್ಲಿ ಸೊನ್ನೆ ಬಿಂದು ನಾಲ್ಕು ಐದರ ಆಸುಪಾಸಿನಲ್ಲಿ ಒಡೆಯಲು ಶುರುವಾಗಿ, ಸೊನ್ನೆ ಬಿಂದು ಮೂರರ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಇಂಚರಾಳದು ಸೊನ್ನೆ ಬಿಂದು ಆರು ಐದರಲ್ಲೇ ಗುಲಾಬಿಯಾಗಿ, ನಾಲ್ಕು ಐದಕ್ಕೆ ಪೂರ್ತಿ ಒಡೆದುಹೋಗಿತ್ತು. ಡಾಕ್ಟರ ಗುಮಾನಿ ನಿಜ ಎಂದುಕೊಳ್ಳುತ್ತ ಅವರು ಎರಡನೆಯ ಸಾಲಿನ ಕಡೆ ತಿರುಗಿದರು. ಅದೂ ಸೊನ್ನೆ ಬಿಂದು ಆರರಲ್ಲೇ ಗುಲಾಬಿ.

ರಮಾಮಣಿ ಆ ಸಾಲನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿ, ಫೋನ್ ಎತ್ತಿದರು.

ಪೆಥಾಲಜಿಸ್ಟ್ ಡಾಕ್ಟರ್ ಮಿಸ್ಬಾ ಬಂದು ಎರಡೂ ಸಾಲನ್ನು ನೋಡಿದರು. ವಯಸ್ಸಿನಲ್ಲಿ ರಮಾಮಣಿಯ ಮಗಳಷ್ಟಿದ್ದರೂ ಕೆಲಸದಲ್ಲಿ ಬಲು ಚುರುಕು. "ಹೋಲಿಕೆಗಿಟ್ಟ ಕಂಟ್ರೋಲೇ ಒಡ್ದು ಹೋಗಿದ್ಯಲ್ಲ ಆಂಟಿ. ಸಲೈನ್ ಸಪ್ಪೆಯಾಗಿದೆ ಅನ್ಸುತ್ತೆ. ಈ ರಿಪೋರ್ಟ್ ಕೊಡೋಕಾಗಲ್ಲ, ಕ್ಯಾನ್ಸಲ್ ಮಾಡ್ಬಿಡೋಣ."

"ನನ್ನ ಸಲೈನಾ?" ರಮಾಮಣಿಗೆ ಮೊದಲು ಸಿಟ್ಟು ಬಂತು. ಆಮೇಲೆ ಭಯ. ಕ್ಯಾನ್ಸಲ್ ಎಂದರೆ ಆ ಕೂಸಿಗೆ ಸೋಮವಾರ ಲಿವರಿಗೆ ಸೂಜಿ. ಬಾಟಲಿಯ ಮೇಲಿನ ತಾರೀಖು ನೋಡಿದರು, ತೂಕದ ಪುಸ್ತಕ ನೋಡಿದರು. ಎಲ್ಲ ಸರಿಯಿತ್ತು. ಎರಡು ನಿಮಿಷ ಯೋಚಿಸಿ, "ಕೈ ಕೊಡಿ ಡಾಕ್ಟ್ರೇ," ಎಂದರು.

"ನಂದಾ?"

"ಉಪ್ಪು ತಪ್ಪಿದ್ರೆ ನಿಮ್ಮ ರಕ್ತಾನೂ ಒಡೀಬೇಕು ತಾನೆ?"

ಮಿಸ್ಬಾ ನಗುತ್ತ ತೋಳು ಚಾಚಿದರು. ಅದೇ ಬಾಟಲಿಗಳು, ಅದೇ ಅಳತೆ, ಮತ್ತೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ರಮಾಮಣಿ ಗಡಿಯಾರವನ್ನು ನೋಡಿದಷ್ಟು ತಮ್ಮ ಹೆರಿಗೆ ನೋವಿನಲ್ಲೂ ನೋಡಿರಲಿಲ್ಲ. ಟ್ಯೂಬುಗಳು ಹೊರಗೆ ಬಂದವು. ಸೊನ್ನೆ ಬಿಂದು ಐದರವರೆಗೂ ತಿಳಿನೀರು, ನಾಲ್ಕು ಐದರಲ್ಲಿ ನಸುಗುಲಾಬಿ, ಮೂರಕ್ಕೆ ಪೂರ್ತಿ ಕೆಂಪು. ಪಠ್ಯಪುಸ್ತಕದಲ್ಲಿದ್ದ ಹಾಗೆ.

"ಉಪ್ಪು ಸರಿಯಾಗಿದೆ," ಎಂದರು ರಮಾಮಣಿ. ಗೆದ್ದ ಸಂತೋಷ ಮಾತ್ರ ಬರಲಿಲ್ಲ. "ತಪ್ಪಿರೋದು ನಾನು. ಆ ಮನುಷ್ಯನ್ನ ಯಾರು ಅಂತ ಕೇಳ್ದೆ ಚುಚ್ಚಿಬಿಟ್ಟೆ."

ಮಿಸ್ಬಾ ಪಿಳ್ಳಪ್ಪನವರ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿಗೆ ಇಟ್ಟರು. ನಡುವೆ ಬಿಳಿಚಾಗಿ ಕಾಣಬೇಕಾದ ಎಷ್ಟೋ ಕಣಗಳು ಸಣ್ಣಗೆ, ಗುಂಡಗೆ, ಗಾಢ ಕೆಂಪಾಗಿದ್ದವು. ಮಗುವಿನ ಸ್ಲೈಡಿನಲ್ಲೂ ಅವೇ. ದೇಹ ತನ್ನ ಕಣಗಳ ಮೇಲೆ ತಾನೇ ದಾಳಿ ಮಾಡಿದಾಗಲೂ ಗುಂಡುಕಣಗಳು ಹುಟ್ಟುತ್ತವೆ, ಉಪ್ಪುನೀರಿನ ಪರೀಕ್ಷೆ ಆಗಲೂ ಹೀಗೇ ಬರುತ್ತದೆ. ಅದನ್ನು ಬೇರ್ಪಡಿಸುವ ಕೂಂಬ್ಸ್ ಪರೀಕ್ಷೆ ಮಗುವಿನದು ಬೆಳಿಗ್ಗೆಯೇ ನೆಗೆಟಿವ್ ಬಂದಿತ್ತು. ಈಗ ಪಿಳ್ಳಪ್ಪನವರದನ್ನೂ ಮಾಡಿದರು. ಅದೂ ನೆಗೆಟಿವ್, ಎಂದರೆ ಇಬ್ಬರದೂ ಹುಟ್ಟಿನಿಂದಲೇ ಬಂದದ್ದು.

ರಮಾಮಣಿ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದರು. ಪಿಳ್ಳಪ್ಪ ಗೇಟಿನ ಬಳಿ ಆಟೋದ ಸೀಟು ಒರೆಸುತ್ತಿದ್ದರು.

"ಯಜಮಾನ್ರೇ, ಆ ಕನ್ನಡಕ ಸ್ವಲ್ಪ ತೆಗೀರಿ."

ಅವರು ಹಿಂದೆಮುಂದೆ ನೋಡಿ ತೆಗೆದರು. ಕಣ್ಣು ಅರಿಶಿನ ಹಚ್ಚಿದ ಹಾಗಿತ್ತು.

"ಆ ಮಗು ನಿಮಗೇನಾಗ್ಬೇಕು?"

"ಮೊಮ್ಮಗಳು." ದನಿ ಇಳಿದಿತ್ತು. "ಬೃಂದಾ ನನ್ ಮಗಳು. ಮಾತಾಡ್ಸಲ್ಲ. ಅವಳ ಮದುವೇಲಿ ಬೀಗರು ನನ್ ಕಣ್ಣು ನೋಡಿ ಕುಡುಕ ಅಂದ್ಬಿಟ್ರು. ಅವಳಿಗೂ ಹಂಗೇ ಅನ್ಸಿತ್ತು. ಅವ್ರಮ್ಮಾನೂ ಹಂಗೇ, ಸಾಯೋವರೆಗೂ ದಿನಾ ಬಾಯಿ ಮೂಸ್ತಿದ್ಲು. ವಾಸನೆ ಸಿಗದಿದ್ರೆ ಏಲಕ್ಕಿ ಹಾಕ್ಕೊಂಡಿದ್ದೀಯ ಅನ್ನೋಳು. ಇವತ್ತು ಮಗೂಗೆ ಬಸ್ ಹತ್ತೋಕಾಗಲ್ಲ ಅಂತ ನನ್ ಆಟೋಗೆ ಬಂದಳು, ಅಷ್ಟೇ."

"ಪಿತ್ತಕೋಶದಲ್ಲಿ ಕಲ್ಲಾಗಿತ್ತಾ ನಿಮಗೆ?"

"ಆಪರೇಷನ್ನೇ ಆಗಿದೆ, ಇಪ್ಪತ್ತೊರ್ಷ ಆಯ್ತು. ನಿಮಗ್ ಹೆಂಗ್ ಗೊತ್ತಾಯ್ತು?"

ಒಡೆದ ಕಣಗಳ ಹಳದಿಯೇ ವರ್ಷಗಟ್ಟಲೆ ಸೇರಿ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ. ರಮಾಮಣಿಗೆ ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು. ಬೆಳಿಗ್ಗೆ ತಾವೂ ಮನಸ್ಸಿನಲ್ಲಿ ನಕ್ಕಿದ್ದರಲ್ಲ.

ಮೇಲೆ ಮಿಸ್ಬಾ ಮೂರು ಗೆರೆಗಳ ಗ್ರಾಫ್ ಹಾಳೆಯನ್ನು ಮೇಜಿನ ಮೇಲೆ ಹರಡಿದ್ದರು. ಒಂದು ಕಡೆ ಬೃಂದಾ, ಅವಳ ಮಡಿಲಲ್ಲಿ ತೂಕಡಿಸುವ ಇಂಚರಾ. ಬಾಗಿಲಿಗೊರಗಿ ಪಿಳ್ಳಪ್ಪ.

"ರಕ್ತಕಣ ನಡುವೆ ತಗ್ಗಿರೋ ಸಡಿಲ ಚೀಲ ಇದ್ದ ಹಾಗೆ," ಎಂದರು ಮಿಸ್ಬಾ. "ಸಪ್ಪೆ ನೀರಲ್ಲಿ ಹಾಕಿದ್ರೆ ನೀರು ಒಳಗೆ ನುಗ್ಗುತ್ತೆ, ಚೀಲ ಉಬ್ಬುತ್ತೆ. ಸಡಿಲ ಇರೋದ್ರಿಂದ ತಡ್ಕೊಳ್ಳುತ್ತೆ. ಇಂಚರಾಗೆ ಹುಟ್ಟಿದಾಗಿಂದ ಆ ಚೀಲದ ಪೊರೆ ಸ್ವಲ್ಪ ಸ್ವಲ್ಪ ಉದುರಿ ಕಣ ಗುಂಡಗಾಗಿದೆ. ಉಬ್ಬೋಕೆ ಜಾಗಾನೇ ಇಲ್ಲ, ಬೇಗ ಒಡ್ಯುತ್ತೆ. ನೋಡಿ, ಬಲಕ್ಕೆ ಹೋದಷ್ಟೂ ಉಪ್ಪು ಜಾಸ್ತಿ. ಎಡಗಡೆ ಗೆರೆ ನಂದು. ಬಲಕ್ಕೆ ಸರಿದಿರೋದು ಮಗೂದು. ಗುಲ್ಮದೊಳಗೂ ಅಂಥ ಕಣ ಸಿಕ್ಕಿಕೊಂಡು ಸಾಯುತ್ತೆ. ಅದಕ್ಕೇ ರಕ್ತ ಕಡಿಮೆ, ಕಣ್ಣು ಹಳದಿ. ಲಿವರ್‌ದು ತಪ್ಪೇನಿಲ್ಲ, ಸೋಮವಾರ ಸೂಜಿ ಬೇಕಿಲ್ಲ ಅಂತ ಮಗೂನ ನೋಡಿದ ಡಾಕ್ಟ್ರೇ ಹೇಳಿದ್ದಾರೆ. ಅಂಟುರೋಗಾನೂ ಅಲ್ಲ, ಸ್ಕೂಲಿಗೆ ಕಳ್ಸಿ. ಫೋಲಿಕ್ ಆಸಿಡ್ ಕೊಡ್ತಾರೆ, ಆಗಾಗ ತೋರಿಸ್ತಾ ಇರ್ಬೇಕು."

ಬೃಂದಾ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಆಮೇಲೆ ಕಣ್ಣೊರೆಸಿಕೊಂಡು ಹಾಳೆಗೆ ಬೆರಳಿಟ್ಟಳು. "ಮಗೂ ಗೆರೆ ಪಕ್ಕದಲ್ಲೇ ಇನ್ನೊಂದಿದ್ಯಲ್ಲ, ಇದ್ಯಾರ್ದು?"

ಮಿಸ್ಬಾ ರಮಾಮಣಿಯ ಮುಖ ನೋಡಿದರು. ಇದನ್ನು ಹೇಳುವ ಹೊಣೆ ತಮ್ಮದೆಂದು ರಮಾಮಣಿಗೆ ಗೊತ್ತಿತ್ತು.

"ನಿಮ್ಮಪ್ಪಂದು ಕಣಮ್ಮ. ಯಾರು ಅಂತ ಕೇಳ್ದೆ ತಗೊಂಡೆ, ನನ್ನ ತಪ್ಪು. ಅವರಿಗೂ ಇದೇ ಕಾಯಿಲೆ. ಹುಟ್ಟಿದಾಗಿಂದ. ಆ ಕಣ್ಣಿಗೂ ಕುಡಿತಕ್ಕೂ ಯಾವ ಸಂಬಂಧಾನೂ ಇಲ್ಲ."

ಬೃಂದಾ ತಿರುಗಿ ಬಾಗಿಲ ಕಡೆ ನೋಡಿದಳು. ಈಗಲಾದರೂ ಮುದುಕರು ಎದೆ ಸೆಟೆಸಿ ಎರಡು ಮಾತಾಡಲಿ ಎಂದು ರಮಾಮಣಿಯ ಜೀವ ಹಾತೊರೆಯಿತು. ಪಿಳ್ಳಪ್ಪ ಮಾತ್ರ ಮಗಳತ್ತ ನೋಡಲೇ ಇಲ್ಲ. ಅವರ ದೃಷ್ಟಿ ಮಗುವಿನ ಮೇಲೆಯೇ ನೆಟ್ಟಿತ್ತು.

"ಹಂಗಾದ್ರೆ ಮಗೂಗೆ ಇದು ನನ್ನಿಂದ ಬಂದಿದ್ದಾ ಡಾಕ್ಟ್ರಮ್ಮ?"

"ವಂಶದಲ್ಲಿ ಬರುತ್ತೆ ತಾತ. ನಿಮ್ಮಿಂದ ನೇರವಾಗಿ ಅಲ್ಲ, ನಡುವೆ ಬೃಂದಾ ಇದ್ದಾರಲ್ಲ. ಅವರಿಗೂ ಇದು ಸ್ವಲ್ಪ ಮಟ್ಟಿಗೆ ಇರ್ಬೇಕು. ತಾಜಾ ರಕ್ತದಲ್ಲಿ ಕಾಣದೆ ಹೋದ್ರೂ ಒಂದು ದಿನ ಬೆಚ್ಚಗೆ ಇಟ್ಟು ನೋಡಿದ್ರೆ ಗೊತ್ತಾಗುತ್ತೆ."

ಪಿಳ್ಳಪ್ಪ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. "ಕುಡುಕ ಅನ್ನಿಸ್ಕೊಂಡೇ ಸತ್ತಿದ್ರೆ ಚೆನ್ನಾಗಿತ್ತು," ಎಂದರು. "ಕೂಸಿಗೆ ಇದನ್ನ ಕೊಟ್ಟೋನು ಅನ್ನಿಸ್ಕೊಳ್ಳೋದಕ್ಕಿಂತ."

ಬೃಂದಾ ಎದ್ದಳು. ನಿದ್ದೆಹೋದ ಮಗಳನ್ನು ತಂದು ತಂದೆಯ ತೊಡೆಯ ಮೇಲೆ ಮಲಗಿಸಿ, ಅವರ ಕೈಯೆತ್ತಿ ಮಗುವಿನ ಬೆನ್ನ ಮೇಲಿಟ್ಟಳು. ಮದುವೆಯ ದಿನದಿಂದ ಒಂಬತ್ತು ವರ್ಷ ಅವಳು ಅಪ್ಪನ ಜೊತೆ ಮಾತಾಡಿರಲಿಲ್ಲ.

"ನೀನು ಕೊಟ್ಟಿದ್ದು ನನಗಪ್ಪ," ಎಂದಳು. "ಅವಳಿಗೆ ಕೊಟ್ಟೋಳು ನಾನು."

ಹಾಗೆಂದು ಸೀರೆಯ ಸೆರಗಿನಿಂದ ಅವರ ಕಣ್ಣೊರೆಸಿ, ರಮಾಮಣಿಯ ಮುಂದೆ ಕೂತು ಸೂಜಿಗೆ ತೋಳು ಚಾಚಿದಳು.