ಹಳೇ ತಾರೀಖಿನ ಹಾಳೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಆಕೆಯ ಆರು ತಿಂಗಳ ಪ್ರೊಬೇಷನ್ ಮುಗಿಯಲು ಹತ್ತು ದಿನವಿತ್ತು. ಕೆಲಸ ಕಾಯಂ ಆದರೆ ಅಕ್ಕನ ಮನೆಯಲ್ಲಿ ಬಿಟ್ಟಿದ್ದ ಮಗಳನ್ನು ಕರೆತರಬಹುದು. ಇಲ್ಲದಿದ್ದರೆ ಮತ್ತೆ ಕೆಲಸ ಕೇಳುತ್ತಾ ಗೇಟಿನಿಂದ ಗೇಟಿಗೆ ಅಲೆತ.

ಅವತ್ತು ಪ್ರೊಬೇಷನ್ ಪರಿಶೀಲನೆ. ಮೇಜಿನ ಆಚೆ ಸಿಬ್ಬಂದಿ ಅಧಿಕಾರಿ, ಸೋಂಕು ತಡೆಯ ಹೊಣೆ ಹೊತ್ತ ಸಿಸ್ಟರ್, ಲಾಂಡ್ರಿ ಸೂಪರ್‌ವೈಸರ್ ಕೂತಿದ್ದರು. ಸೂಪರ್‌ವೈಸರಿಗೆ ಕೆಲಸಗಾರರು ಇಟ್ಟ ಹೆಸರು ಇಸ್ತ್ರಿ: ಸದಾ ಬಿಸಿ, ಕೆಳಗಿದ್ದವರ ಮೇಲೇ ಭಾರ.

ಆಕೆ ಕೆಲಸಕ್ಕೆ ಸೇರಿದ ದಿನವೇ ಆಸ್ಪತ್ರೆಯವರು ಆಕೆಗೆ ಬರೆದು ಕೊಟ್ಟಿದ್ದ ನಾಲ್ಕು ಮಾನದಂಡಗಳನ್ನು ಅಧಿಕಾರಿ ಮೊದಲು ಓದಿದರು. ಹಾಜರಿ, ಬಟ್ಟೆ ಬೇರ್ಪಡಿಸುವಿಕೆ, ಸುರಕ್ಷತೆ, ನಡವಳಿಕೆ. ಪ್ರತಿಯೊಂದಕ್ಕೂ ಐದರಲ್ಲಿ ಅಂಕ, ಮೂರಕ್ಕಿಂತ ಕಡಿಮೆ ಕೊಟ್ಟರೆ ತಾರೀಖಿನ ಸಮೇತ ಘಟನೆ ಬರೆಯಬೇಕು.

ಸೂಪರ್‌ವೈಸರ್ ಹಾಜರಿಗೆ ಮೂರು ಕೊಟ್ಟಿದ್ದರು. ನಾಲ್ಕು ದಿನ ತಡವಾಗಿದ್ದನ್ನು ಆಕೆ ಒಪ್ಪಿದಳು. ಬೇರ್ಪಡಿಸುವಿಕೆಗೆ ಐದು, ಸುರಕ್ಷತೆಗೆ ಮೂರು. ನಡವಳಿಕೆಗೆ ಮಾತ್ರ ಒಂದು: ಎದುರುತ್ತರ ಕೊಡುತ್ತಾಳೆ. ಮೂರನೇ ತಿಂಗಳಲ್ಲೇ ಎಚ್ಚರಿಸಿದ್ದಾಗಿ ಸೂಪರ್‌ವೈಸರ್ ಒಂದು ಪರಿಶೀಲನಾ ಹಾಳೆ ಲಗತ್ತಿಸಿದ್ದರು. ಅದರಲ್ಲಿ ಆಕೆಯ ಸಹಿ ಇರಲಿಲ್ಲ.

ಅಧಿಕಾರಿ ಕನ್ನಡಕ ಏರಿಸಿ, ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಅಚ್ಚಿನ ತಾರೀಖು ಓದಿದರು.

"ಈ ಫಾರಂ ಅಚ್ಚಾಗಿ ಬಂದಿದ್ದೇ ಹೋದ ತಿಂಗಳು. ಮೂರನೇ ತಿಂಗಳಲ್ಲಿ ಇದು ನಿಮ್ಮ ಕೈಗೆ ಹೇಗೆ ಬಂತು?"

ಇಸ್ತ್ರಿ ತಣ್ಣಗಾದರು. ಆಗ ಬಾಯಲ್ಲಿ ಹೇಳಿದ್ದೆ, ಬರೆಯೋದು ಬಿಟ್ಟುಹೋಗಿತ್ತು, ನಿನ್ನೆ ಬರೆದೆ ಎಂದರು. ಆವತ್ತು ಏನು ನಡೆಯಿತೆಂದು ಅಧಿಕಾರಿ ಕೇಳಿದರು. ಮಷಿನ್ ಹಾಕು ಅಂದೆ, ಹಾಕಲ್ಲ ಅಂದಳು, ಅಷ್ಟೇ ಎಂದರು ಸೂಪರ್‌ವೈಸರ್.

ಸಿಸ್ಟರ್ ತಮ್ಮ ಘಟನಾ ಪುಸ್ತಕ ತೆರೆದರು. ಹಾಳೆಯ ಮೇಲಿದ್ದ ಅದೇ ತಾರೀಖು. ಹಾಸಿಗೆ ಬಟ್ಟೆಯ ಗಂಟಿನಲ್ಲಿ ಬಳಸಿದ ಸೂಜಿಗಳು. ಮಷಿನ್ ನಿಲ್ಲಿಸಿ ವರದಿ ಮಾಡಿದವಳು ಈಕೆ. ಆಮೇಲೆ ವಾರ್ಡಿನವರಿಗೆ ತಾಕೀತಾಗಿ, ಒಂದು ಸೂಜಿಯೂ ಬಂದಿಲ್ಲ.

"ಹಾಗಾದ್ರೆ ಇನ್ನು ಮೂರು ತಿಂಗಳು ಪ್ರೊಬೇಷನ್ ಎಳೆಯೋಣ," ಎಂದರು ಸೂಪರ್‌ವೈಸರ್.

"ಏನು ತಿದ್ಕೋಬೇಕು ಅಂತ ಬರೀಲಿ? ಸೂಜಿ ಕಂಡ್ರೂ ಸುಮ್ಮನಿರು ಅಂತಲಾ?" ಎಂದು ಅಧಿಕಾರಿ ಕೇಳಿದರು.

ಸಿಸ್ಟರ್ ನಕ್ಕರು. ಸೂಪರ್‌ವೈಸರಿಗೂ ನಗು ತಡೆಯಲಾಗಲಿಲ್ಲ. ಅವರೇ ಪೆನ್ನು ತೆಗೆದು ಸುರಕ್ಷತೆಗೆ ಐದು, ನಡವಳಿಕೆಗೆ ನಾಲ್ಕು ಎಂದು ತಿದ್ದಿ, ಕಾರಣ ಬರೆದು, ಪಕ್ಕದಲ್ಲಿ ಸಹಿಯೂ ಇವತ್ತಿನ ತಾರೀಖೂ ಹಾಕಿದರು. ನಿನ್ನೆ ಬರೆದ ಹಾಳೆಯನ್ನು ಹರಿಯಲು ಹೋದಾಗ ಅಧಿಕಾರಿ ಕೈ ಅಡ್ಡ ಹಿಡಿದರು. ಒಂದು ಗೆರೆ ಎಳೆದು, ಯಾವಾಗ ಬರೆದದ್ದು, ಯಾಕೆ ರದ್ದು ಎಂದು ನಮೂದಿಸಿ ಫೈಲಿನಲ್ಲೇ ಇಡಿಸಿದರು. ಕಾಯಂ ಮಾಡಲು ಶಿಫಾರಸು ಎಂಬ ನಡಾವಳಿಗೆ ಮೂವರ ಸಹಿಯೂ ಬಿತ್ತು.

ಕೊನೆಗೆ ಉದ್ಯೋಗಿಯ ಅಭಿಪ್ರಾಯದ ಕಾಲಂ. ಎಲ್ಲರೂ ಅಲ್ಲಿ 'ಏನೂ ಇಲ್ಲ' ಎಂದು ಬರೆದು ಎದ್ದುಹೋಗುತ್ತಾರೆ. ಆಕೆ ನಿಧಾನವಾಗಿ ಬರೆದಳು: ಮಷಿನ್ ಹಾಕುವುದಿಲ್ಲ ಎಂದದ್ದು ನಿಜ. ಮತ್ತೆ ಸೂಜಿ ಕಂಡರೆ ಮತ್ತೆ ಅನ್ನುತ್ತೇನೆ.

ಸೂಪರ್‌ವೈಸರ್ ಬಗ್ಗಿ ಓದಿದರು.

"ಇದಕ್ಕೂ ತಾರೀಖು ಹಾಕಮ್ಮ," ಎಂದರು.

ಆಕೆ ಹಾಕಿದಳು. ತನ್ನ ಪ್ರತಿಯನ್ನು ಮಡಚಿಕೊಂಡು ಹೊರಬಂದು, ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನ್ ಮಾಡಿ, ಮಗಳ ಬಟ್ಟೆ ಕಟ್ಟಿಡಲು ಹೇಳಿದಳು.