ಎರಡು ನಿಮಿಷದೊಳಗೆ ಹಿಡಿಸದ ರಣಹದ್ದು

ರೇಡಿಯೋದವರು ಸಿಂದಗಿ ಕಡೆಯ ಶಾಲೆಗಳಿಗೆ ಒಂದೊಂದು ಹಕ್ಕಿ ಹಂಚಿದ್ದರು. ಕನ್ನೊಳ್ಳಿಯ ಮಕ್ಕಳಿಗೆ ನವಿಲು ಹೋಯಿತು, ದೇವಣಗಾಂವದವರಿಗೆ ಬೆಳ್ಳಕ್ಕಿ. ಸುಲ್ತಾನಾಳ ಶಾಲೆಗೆ ಬಂದದ್ದು ರಣಹದ್ದು. ಪ್ರಾರ್ಥನೆಯ ಸಾಲಿನಲ್ಲಿ ಇದನ್ನು ಓದಿ ಹೇಳಿದಾಗ ಹಿಂದಿನ ಹುಡುಗರು ಕಿಸಕ್ಕನೆ ನಕ್ಕರು. ‘ರಣಹದ್ದು ಏಕೆ ಬೇಕು, ಏಕೆ ಕಡಿಮೆಯಾಯಿತು’ ಎಂದು ಒಬ್ಬ ವಿದ್ಯಾರ್ಥಿ ಎರಡು ನಿಮಿಷ ಮಾತಾಡಬೇಕು. ಮೀರಿದ್ದನ್ನು ಕತ್ತರಿಸಲಾಗುವುದು ಎಂದು ಕಾಗದದ ಕೊನೆಯಲ್ಲಿ ಬರೆದಿತ್ತು.

ಕೈ ಎತ್ತಿದವಳು ಒಂಬತ್ತನೆಯ ತರಗತಿಯ ಸುಲ್ತಾನಾ ಒಬ್ಬಳೇ.

ಅವಳು ಹುಟ್ಟಿನಿಂದ ಕಂಡ ರಣಹದ್ದು ಒಂದೇ ಒಂದು. ಎರಡನೆಯ ತರಗತಿಯಲ್ಲಿದ್ದಾಗ ಮನೆಯ ಹಿಂದಿನ ಹುಣಸೆಮರದಲ್ಲಿ ಬಂದು ಕೂತಿತ್ತು. ಕತ್ತು ಜೋತು ಬಿದ್ದು, ಕೊಕ್ಕು ಎದೆಗೆ ತಾಗಿತ್ತು. ತೂಕಡಿಸುತ್ತಿದೆ ಎಂದುಕೊಂಡು ಅವಳು ದಿನಾ ಶಾಲೆಗೆ ಹೋಗುವಾಗ ಅದಕ್ಕೆ ‘ಏಳೋ ಸೋಮಾರಿ’ ಎಂದು ಕೂಗಿ ಹೋಗುತ್ತಿದ್ದಳು. ಒಂದು ಮುಂಜಾನೆ ಅದು ಮರದ ಕೆಳಗೆ ಬಿದ್ದಿತ್ತು. ಯಾಕೆ ಸತ್ತಿತು ಎಂದು ಅವಳು ಕೇಳಿದಾಗ ಒಬ್ಬರೂ ಹೇಳಲಿಲ್ಲ. ಯಾರಿಗೂ ಗೊತ್ತಿರಲೂ ಇಲ್ಲ. ಈಗ, ಎರಡು ಸಾವಿರದ ಏಳರಲ್ಲಿ, ಅವಳಿಗೆ ಉತ್ತರ ಗೊತ್ತಿದ್ದರೂ ಊರಿನ ಯಾರೂ ಕೇಳುತ್ತಿರಲಿಲ್ಲ.

ಉತ್ತರ ಕೊಟ್ಟವನು ಅವಳ ಮಾಮು ಜೈನುದ್ದೀನ. ಸಿಂದಗಿಯ ದನದ ದವಾಖಾನೆಯಲ್ಲಿ ಡಾಕ್ಟರರ ಕೈಕೆಳಗಿದ್ದ.

“ದನಕ್ಕ ಬ್ಯಾನಿ, ಬಾವು ಅಂದ್ರ ನಾವು ಡೈಕ್ಲೋಫೆನಾಕ್ ಚುಚ್ಚತಿದ್ವಿ,” ಎಂದು ಚಹಾ ಹೀರುತ್ತ ಹೇಳಿದ್ದ. “ಛಲೋ ಔಷಧ, ಅಗ್ಗದ್ದು. ಎತ್ತು ಎದ್ದು ನಿಂತ್ರ ಮುಗೀತು. ಆದ್ರ ಚುಚ್ಚಿದ ಎರಡ-ಮೂರ ದಿನದಾಗ ಅದು ಸತ್ತಿತು ಅಂದ್ರ, ಔಷಧ ಮೈಯಾಗ ಉಳಿದಿರತೈತಿ. ಹದ್ದು ಆ ಮಾಂಸ ತಿಂದ್ರ ಅದರ ಮೂತ್ರಪಿಂಡ ಕೆಡತಾವ. ಹೊಟ್ಟಿ ಕೊಯ್ದು ನೋಡಿದ್ರ ಒಳಗೆಲ್ಲ ಸುಣ್ಣ ಬಳದಂಗ ಬೆಳ್ಳಗ ಇರತೈತಂತ.”

“ಈಗ ಬಂದ್ ಆಗೇತಲ್ಲ, ಮಾಮು?”

“ದನದ ಔಷಧ ಬಂದ್ ಮಾಡ್ಯಾರ, ಹೋದ ವರ್ಷ. ಮಂದಿಗಿ ಕೊಡೂ ಔಷಧ ಬಂದ್ ಇಲ್ಲಲ್ಲ? ಅಂಗಡ್ಯಾಗ ದೊಡ್ಡ ಬಾಟ್ಲಿ ಸಿಗತೈತಿ. ಅದನ್ನ ಒಯ್ದು ಎತ್ತಿಗಿ ಚುಚ್ಚತಾರ. ಅದು ಬ್ಯಾಡ, ಹದ್ದಿಗಿ ಧಕ್ಕಿ ಇಲ್ಲದ ಮೆಲೋಕ್ಸಿಕಾಮ್ ಹಾಕ್ಸರಿ ಅಂತ ನಾ ಒಬ್ಬ ಎಷ್ಟ ಮನಿಗಿ ಹೋಗಿ ಹೇಳ್ಲಿ?”

ರೇಡಿಯೋ ಎಲ್ಲಾ ಮನೆಗೂ ಹೋಗುತ್ತದೆ. ಸುಲ್ತಾನಾಳಿಗೆ ಬೇಕಾದದ್ದು ಇಷ್ಟೇ: ಆ ಎರಡು ಔಷಧಗಳ ಹೆಸರು ಎರಡು ನಿಮಿಷದೊಳಗೆ ಗಾಳಿಗೆ ಹೋಗಬೇಕು.

ವಿಜ್ಞಾನ ಕಲಿಸುವ ವಿಜಯಲಕ್ಷ್ಮಿ ಅಕ್ಕೋರು ಅವಳನ್ನು ಕೂರಿಸಿಕೊಂಡು ಮಾತನ್ನು ತಿದ್ದಿದರು, ತೂಗಿದರು, ಕೊಬ್ಬು ತೆಗೆದರು. ಗಡಿಯಾರ ಹಿಡಿದು ಓದಿಸಿದರೆ ಸರಿಯಾಗಿ ಎರಡು ನಿಮಿಷ. ಅಕ್ಕೋರು ಬೆನ್ನು ತಟ್ಟಿ ಹಾಳೆಯನ್ನು ಹೆಡ್ ಮಾಸ್ತರರ ಮುಂದಿಟ್ಟರು.

ಹೆಡ್ ಮಾಸ್ತರ ಶ್ರೀಶೈಲಪ್ಪನವರು ಓದಿ, ಕನ್ನಡಕ ತೆಗೆದು, ನೊಂದ ದನಿಯಲ್ಲಿ ಕೇಳಿದರು.

“ಅಕ್ಕೋರ, ಹೆಸರ ಎಲ್ಲಿ?”

“ಯಾರ ಹೆಸರ್ರಿ ಸರ? ಹದ್ದಿಂದಾ?”

“ಹಿರ್ಯಾರ ಹೆಸರು.”

ಆ ಊರಿನಲ್ಲಿ ಮೈಕು ಮುಟ್ಟಿದವರು ಮೊದಲು ಹಿರಿಯರನ್ನು ಸಂಬೋಧಿಸದೆ ಬಾಯಿ ಬಿಟ್ಟದ್ದಿಲ್ಲ. ಲಗ್ನವಿರಲಿ, ಕುಸ್ತಿಯಿರಲಿ, ಪೋಲಿಯೋ ಹನಿಯಿರಲಿ, ಆಡಳಿತ ಮಂಡಳಿಯ ಅಧ್ಯಕ್ಷರಿಂದ ಹಿಡಿದು ಹಾಲಿನ ಸಂಘದ ಕಾರ್ಯದರ್ಶಿಯ ತನಕ ಒಬ್ಬೊಬ್ಬರನ್ನೂ ಬಿರುದಿನೊಂದಿಗೆ ಕರೆದಾದ ಮೇಲೆಯೇ ವಿಷಯ. ಹೋದ ವರ್ಷ ಸ್ವಾತಂತ್ರ್ಯೋತ್ಸವದಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿ, ಅವರು ಗಾಂಧಿ ಜಯಂತಿಯವರೆಗೂ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಶ್ರೀಶೈಲಪ್ಪನವರು ಲೇಖನಿ ತೆಗೆದು ಹಾಳೆಯ ನೆತ್ತಿಯ ಮೇಲೆ ಹನ್ನೊಂದು ಹೆಸರು ಹೂಡಿದರು.

“ಹಿಂಗಾದ್ರ ಭಾಷಣ ಹದ್ದು ಮೀರತೈತ್ರಿ ಸರ,” ಎಂದರು ವಿಜಯಲಕ್ಷ್ಮಿ ಅಕ್ಕೋರು. “ಕಡೀಕಿನ ಮಾತು ಕತ್ತರಿಸ್ತಾರ. ಕಾರಣ ಇರೂದ ಕಡೀಕ.”

“ಕಾರಣ ನೀವ ತಗದುಬಿಡ್ರಿ. ‘ಪರಿಸರ ಮಾಲಿನ್ಯದಿಂದ’ ಅಂತ ಒಂದ ಮಾತು ಹಾಕ್ರಿ. ಅದು ಎಲ್ಲಾದಕ್ಕೂ ನಡೀತೈತಿ.”

“ಅದು ಖರೇ ಅಲ್ರಿ ಸರ,” ಎಂದಳು ಸುಲ್ತಾನಾ.

ಶ್ರೀಶೈಲಪ್ಪನವರು ಬೈಯಲಿಲ್ಲ. ಅವರು ಬೈಯುವ ಮನುಷ್ಯರೇ ಅಲ್ಲ. “ನೋಡವಾ, ಸತ್ತ ಹಕ್ಕಿ ಸಿಟ್ಟಾಗೂದಿಲ್ಲ. ಬದುಕಿದ್ದವರು ಆಗ್ತಾರ. ನಾಳೆ ಅವರಿಗಿ ಮುಖಾ ತೋರ್ಸಾಂವ ನಾನು,” ಎಂದು ಹಾಳೆ ಕೈಗಿತ್ತರು. “ಶುಕ್ರವಾರ ಮಂಡಳಿಯವರ ಮುಂದ ತಾಲೀಮು. ನಾನ ಗಂಟಿ ಹೊಡೀತೇನಿ. ಎರಡು ನಿಮಿಷ ಆತಂದ್ರ ಗಂಟಿ.”

ಹೊರಗೆ ಬಂದ ಮೇಲೆ ಸುಲ್ತಾನಾ ಹಾಳೆ ಮಡಚುತ್ತ ಕೇಳಿದಳು: “ಅಕ್ಕೋರ, ಅವರು ಹೇಳಿದಂಗ ಹೆಸರೆಲ್ಲಾ ಓದತೇನಿ. ಹೆಂಗ ಓದಬೇಕು ಅಂತ ಅವರೇನೂ ಹೇಳಿಲ್ಲಲ್ರಿ?”

ಅಕ್ಕೋರು ಅವಳ ಮುಖ ನೋಡಿದರು. ಈ ಹುಡುಗಿ ಅರ್ಧ ಊರಿನ ದನಿ ತನ್ನ ಗಂಟಲಲ್ಲಿಟ್ಟುಕೊಂಡು ತಿರುಗುತ್ತಾಳೆಂದು ಅವರಿಗೆ ಗೊತ್ತಿತ್ತು; ಒಮ್ಮೆ ಅವರದೇ ದನಿಯಲ್ಲಿ ಇಡೀ ತರಗತಿಗೆ ಬಿಡುವು ಕೊಟ್ಟಿದ್ದಳು. “ನಾ ಏನೂ ಕೇಳಿಲ್ಲ,” ಎಂದು ಅವರು ಸ್ಟಾಫ್ ರೂಮಿಗೆ ನಡೆದರು. ನಡಿಗೆ ಮಾತ್ರ ಹಗುರಾಗಿತ್ತು.

ಶುಕ್ರವಾರ ಮಂಡಳಿಯವರು ಬಂದು ಕುರ್ಚಿ ತುಂಬಿದರು. ನಡುವೆ ಅಧ್ಯಕ್ಷ ಬಸಂತರಾಯ ಗೌಡರು, ತಲೆಗೆ ಬಿಳಿ ಪಟಕಾ, ದಪ್ಪ ಮೀಸೆ, ಸುತ್ತ ಹತ್ತು ಊರಿನಲ್ಲಿ ಹೆಸರಾದ ಖಿಲ್ಲಾರಿ ಎತ್ತುಗಳ ಒಡೆಯ. ರೇಡಿಯೋದಿಂದ ಬಂದ ಅನಿಲ ಎಂಬ ತರುಣ ತಾಲೀಮು ಮುಗಿದದ್ದೇ ಧ್ವನಿಮುದ್ರಣವೆಂದು ಮೂಲೆಯಲ್ಲಿ ತನ್ನ ಯಂತ್ರ ಜೋಡಿಸುತ್ತಿದ್ದ. ಶ್ರೀಶೈಲಪ್ಪನವರು ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಗಂಟೆಯ ಸುತ್ತಿಗೆ ಹಿಡಿದು ತಲೆಯಾಡಿಸಿದರು.

ಸುಲ್ತಾನಾ ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಶ್ರೀಶೈಲಪ್ಪನವರ ಸಭೆಯ ದನಿಯನ್ನೇ ತೆಗೆದಳು. ಅದು ಹೆಗಲಿನ ಶಲ್ಯ ಸರಿಪಡಿಸಿಕೊಳ್ಳುತ್ತ ಬರುವ ದನಿ.

“ಸನ್ಮಾನ್ಯಾ... ಗೌರವಾನ್ವಿತಾ... ಶಿಕ್ಷಣಪ್ರೇಮಿಗಳೂ... ಕೊಡುಗೈ ದಾನಿಗಳೂ... ಆದಂತಹಾ...”

ಕಿಟಕಿಯ ಹೊರಗಿದ್ದ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು. ಕುರ್ಚಿಯಲ್ಲಿದ್ದವರು ಮಾತ್ರ ಸುಖವಾಗಿ ಕೂತಿದ್ದರು. ಹೆಸರು ಬಂದಾಗಲೆಲ್ಲ ಒಬ್ಬೊಬ್ಬರ ಬೆನ್ನು ನೆಟ್ಟಗಾಗುತ್ತಿತ್ತು. ಆರನೆಯ ಹೆಸರಿನ ಹೊತ್ತಿಗೆ ಅನಿಲ ತನ್ನ ಕೈಗಡಿಯಾರ ನೋಡಿಕೊಂಡ. ಹನ್ನೊಂದನೆಯ ಹೆಸರು ಮುಗಿದದ್ದೇ ಸುಲ್ತಾನಾ ಶಲ್ಯ ಇಳಿಸಿಟ್ಟವಳಂತೆ ತನ್ನ ದನಿಗೆ ಮರಳಿದಳು.

“ಸತ್ತ ಎತ್ತನ್ನು ನಾವು ಹಳ್ಳದ ದಂಡೆಗೆ ಒಯ್ದು ಹಾಕುತ್ತೇವೆ. ಮೊದಲು ರಣಹದ್ದುಗಳ ಹಿಂಡು ಇಳಿದು ಒಂದು ತಾಸಿನೊಳಗೆ ಎಲುಬಷ್ಟೇ ಉಳಿಸುತ್ತಿತ್ತು. ಕೊಳೆತ ಮಾಂಸದ ರೋಗಾಣುಗಳನ್ನೂ ಸುಡುವಷ್ಟು ಹುಳಿ ಅವುಗಳ ಹೊಟ್ಟೆಯಲ್ಲಿದೆ. ಈಗ ಅವು ಇಲ್ಲ. ಮಾಂಸ ದಿನಗಟ್ಟಲೆ ನಾರುತ್ತದೆ, ಅದನ್ನು ತಿಂದು ನಾಯಿಗಳ ಹಿಂಡು ಬೆಳೆಯುತ್ತದೆ, ನಾಯಿ ಹೆಚ್ಚಿದಲ್ಲಿ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚುತ್ತದೆ. ಹಾಗಾದರೆ ಇಷ್ಟೊಂದು ರಣಹದ್ದುಗಳು ಯಾಕೆ ಸತ್ತವು? ಯಾಕೆಂದರೆ...”

ಢಣ್.

ಸುಲ್ತಾನಾ ಬಾಯಿ ಮುಚ್ಚಿ, ಕೈ ಮುಗಿದು, ಎರಡು ಹೆಜ್ಜೆ ಹಿಂದೆ ಸರಿದಳು. ಶ್ರೀಶೈಲಪ್ಪನವರು ಚಪ್ಪಾಳೆಗೆ ಶುರುವಿಟ್ಟರು. ಗೌಡರು ಕೈ ಎತ್ತಿದರು; ಚಪ್ಪಾಳೆ ಅರ್ಧಕ್ಕೆ ನಿಂತಿತು.

“ಯಾಕ ಸತ್ತೂ?”

“ಟೈಮ್ ಆತ್ರಿ ಗೌಡ್ರ,” ಎಂದರು ಶ್ರೀಶೈಲಪ್ಪನವರು. “ರೇಡಿಯೋದವರದು ಎರಡ ನಿಮಿಷ ಅಂದ್ರ ಎರಡ ನಿಮಿಷ.”

“ಟೈಮ್ ಅವರದಾತು. ಯಾಕ ಸತ್ತೂ ಅಂತ ಕೇಳಿದೆ. ನಮ್ಮ ಹಳ್ಳದಾಗ ಅವು ಕುಂತ್ರ ದಂಡಿ ಕಾಣತಿದ್ದಿಲ್ಲ. ಎಲ್ಲಿ ಹೋದವು ಅಂತ ನಾನೂ ಭಾಳ ಸಲ ಅಂದೀನಿ. ಹೇಳವಾ ನೀ.”

ಇದೇ ಪ್ರಶ್ನೆ ಅವಳಿಗೆ ಬೇಕಾಗಿತ್ತು. ಹೇಳುವ ಉತ್ತರ ಗೌಡರ ದನದ ಕೊಟ್ಟಿಗೆಯ ತನಕ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು. ಔಷಧ, ಮೂತ್ರಪಿಂಡ, ಒಳಗಿನ ಬಿಳುಪು, ಜೋತುಬಿದ್ದ ಕತ್ತು. ಒಂದು ಹೆಣದಲ್ಲಿ ಔಷಧವಿದ್ದರೂ ಸಾಕು, ಅದನ್ನು ಹಂಚಿ ತಿಂದ ಹಿಂಡೆಲ್ಲ ಸಾಯಬಹುದು; ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಆದ್ದರಿಂದ ಹೋದದ್ದು ಬೇಗ ತುಂಬುವುದಿಲ್ಲ.

ಗೌಡರ ಮೀಸೆ ಅಲುಗಲಿಲ್ಲ. “ಆ ಬಾಟ್ಲಿ ನಮ್ಮ ಕೊಟ್ಟಿಗ್ಯಾಗ ಐತಿ,” ಎಂದರು. “ಮತ್ತ ಎತ್ತಿಗಿ ಬ್ಯಾನಿ ಆದ್ರ ಏನ ಮಾಡೂದು? ಹದ್ದು ಬದುಕ್ಲಿ ಅಂತ ಎತ್ತು ನರಳಬೇಕೇನು?”

“ಇಲ್ರಿ. ಮೆಲೋಕ್ಸಿಕಾಮ್ ಅಂತ ಐತ್ರಿ. ಎತ್ತಿಗೂ ಹತ್ತತೈತಿ, ಹದ್ದಿಗೂ ಏನೂ ಆಗೂದಿಲ್ಲ. ದನದ ಡಾಕ್ಟರಿಗಿ ಕೇಳಿ ಹಾಕ್ಸಬೇಕ್ರಿ.”

“ಇದು ರೇಡಿಯೋದಾಗ ಬರತೈತಿ?”

ಸುಲ್ತಾನಾ ಹಾಳೆಯ ನೆತ್ತಿ ನೋಡಿದಳು. ಗೌಡರೂ ಎದ್ದು ಬಂದು ನೋಡಿದರು, ಒಂದೊಂದೇ ಹೆಸರು ತುಟಿಯಲ್ಲಿ ಓದಿಕೊಂಡರು.

“ಮಾಸ್ತರ, ನನ್ನ ಹೆಸರು ಊರಾಗ ಯಾರಿಗಿ ಗೊತ್ತಿಲ್ಲ?”

“ಎಲ್ಲರಿಗೂ ಗೊತ್ತೈತ್ರಿ.”

“ಈ ಔಷಧದ ಹೆಸರು?”

ಶ್ರೀಶೈಲಪ್ಪನವರು ಸುತ್ತಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಗೌಡರು ಅವರ ಜೇಬಿನ ಲೇಖನಿಯನ್ನೇ ಕಿತ್ತುಕೊಂಡು ಮೊದಲ ಹೆಸರಿನ ಮೇಲೆ ಗೆರೆ ಎಳೆದರು. ಅಧ್ಯಕ್ಷರದೇ ಹೋದ ಮೇಲೆ ಉಪಾಧ್ಯಕ್ಷರು ತಮ್ಮದನ್ನು ಉಳಿಸಿಕೊಳ್ಳುವುದು ಹೇಗೆ? “ನಂದೂ ಹೊಡೀರಿ,” ಎಂದರು, ಹಲ್ಲು ಕೀಳಿಸಿಕೊಳ್ಳುವವರಂತೆ. ಹಾಲಿನ ಸಂಘದ ಕಾರ್ಯದರ್ಶಿ ಮಾತ್ರ, “ನಂದು ಸಣ್ಣ ಹೆಸರ್ರಿ, ಅಷ್ಟೇನು ಟೈಮ್ ಹಿಡಿಯೂದಿಲ್ಲ,” ಎಂದು ನೋಡಿದರು. ಯಾರೂ ನಗಲಿಲ್ಲವಾದ್ದರಿಂದ ತಾವೇ ನಕ್ಕು ಗೆರೆ ಎಳೆದುಕೊಂಡರು.

ಅನಿಲ ಕಿವಿಗೆ ಯಂತ್ರ ಏರಿಸಿ ಕೈ ಸನ್ನೆ ಮಾಡಿದ. “ಎಲ್ಲರಿಗೂ ನಮಸ್ಕಾರ,” ಎಂದು ಸುಲ್ತಾನಾ ಶುರುಮಾಡಿದಳು. ಈ ಸಲ ಯಾರ ದನಿಯನ್ನೂ ಎರವಲು ತರಲಿಲ್ಲ. “ಯಾಕೆಂದರೆ” ಬಂದಾಗ ಅವಳ ಕಣ್ಣು ತಾನಾಗಿ ಗಂಟೆಯ ಕಡೆ ಹೋಯಿತು. ಶ್ರೀಶೈಲಪ್ಪನವರು ಸುತ್ತಿಗೆ ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಅವಳ ಒಂದೊಂದು ಶಬ್ದಕ್ಕೂ ತುಟಿ ಆಡಿಸುತ್ತಿದ್ದರು. ಎರಡು ನಿಮಿಷ ತುಂಬುವ ಮುನ್ನ ಎರಡೂ ಔಷಧಗಳ ಹೆಸರು ಯಂತ್ರದೊಳಗೆ ಹೋಗಿ ಕೂತಿದ್ದವು. ಅನಿಲ ಹೆಬ್ಬೆರಳು ಎತ್ತಿದ.

ಪ್ರಸಾರ ಒಂದು ರವಿವಾರ ಮುಂಜಾನೆ. ಜೈನುದ್ದೀನ ಮಾಮು ರೇಡಿಯೋವನ್ನು ಮನೆಯ ಮುಂದಿನ ಕಟ್ಟೆಯ ಮೇಲಿಟ್ಟು, ಇಡೀ ಓಣಿಗೆ ಕೇಳಲೆಂದು ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದ. ಅಮ್ಮ ಪೀರಬಿ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು. ಪೆಟ್ಟಿಗೆಯೊಳಗಿಂದ ಮಗಳ ದನಿ ಬಂದಾಗ, ಪಕ್ಕದಲ್ಲಿ ನಿಂತ ಮಗಳನ್ನು ಬಿಟ್ಟು ಪೆಟ್ಟಿಗೆಯನ್ನೇ ನೋಡುತ್ತ ನಿಂತಳು.

ದಾರಿಯಲ್ಲಿ ಸಂತೆಗೆ ಹೊರಟಿದ್ದ ಕನ್ನೊಳ್ಳಿಯ ರೈತನೊಬ್ಬ ಬಂಡಿ ನಿಲ್ಲಿಸಿ ಕೇಳಿಸಿಕೊಂಡ. ಮುಗಿದ ಮೇಲೆ ಮಾಮುವಿನ ಕಡೆ ತಿರುಗಿದ.

“ಸಾಹೇಬ್ರ, ಆ ಎರಡ್ನೇ ಔಷಧ ಏನಂದ್ಲು? ಹದ್ದಿಗಿ ಧಕ್ಕಿ ಇಲ್ಲದ್ದು?”

ಜೈನುದ್ದೀನನ ನಾಲಿಗೆಯ ತುದಿಗೆ ಹೆಸರು ಬಂದಿತ್ತು. ಅವನು ಅದನ್ನು ನುಂಗಿ, ಮೀಸೆ ಒರೆಸಿಕೊಂಡ.

“ನನಗ್ಯಾಕ ಕೇಳ್ತೀರಿ? ಹೇಳಿದಾಕಿ ಇಲ್ಲೇ ನಿಂತಾಳ, ಆಕಿನ್ನ ಕೇಳ್ರಿ.”

“ಮೆಲೋಕ್ಸಿಕಾಮ್ ರಿ ಕಾಕಾ,” ಎಂದಳು ಸುಲ್ತಾನಾ.

“ಮೆಲಕ್ಕ...”

“ಮೆಲೋ. ಕ್ಸಿ. ಕಾಮ್.”

ಆತ ಬಂಡಿಯಲ್ಲಿ ಕೂತು ಹಗ್ಗ ಹಿಡಿದು, ಎತ್ತಿನ ಹೆಜ್ಜೆಗೆ ಒಂದೊಂದು ತುಂಡಿನಂತೆ ಆ ಹೆಸರು ಹೇಳಿಕೊಳ್ಳುತ್ತ ಹೋದ. ಓಣಿಯ ತಿರುವು ದಾಟುವ ತನಕ ಅವನು ತಪ್ಪಲಿಲ್ಲ. ಸುಲ್ತಾನಾ ಕಟ್ಟೆಯ ಮೇಲೆ ನಿಂತು ಕಿವಿಗೊಟ್ಟು ಕೇಳಿಸಿಕೊಂಡಳು.